ಸಹಾಯ ಬೇಕು: ಇಲ್ಲಿ ಮೇಜರ್, ವ್ಯಾಂಕೂವರ್‌ನಲ್ಲಿ ಮೈನರ್

ನಮಸ್ಕಾರ. ಧಾರವಾಡದ ಹುಡುಗಿಯೊಬ್ಬಳು ಸೆಪ್ಟೆಂಬರ್‌ನಲ್ಲಿ ವ್ಯಾಂಕೂವರ್‌ಗೆ ಓದಲು ಹೊರಟಿದ್ದಾಳೆ. ವಯಸ್ಸು 18 ವರ್ಷ 2 ತಿಂಗಳು. ನಮ್ಮಲ್ಲಿ 18 ತುಂಬಿದರೆ ಮೇಜರ್, ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾದಲ್ಲಿ 19 ತುಂಬಬೇಕು. ಟೊರೊಂಟೊಗೆ ಹೊರಟಿದ್ದರೆ 18 ಸಾಕಿತ್ತು.

ಹಾಗಾಗಿ ಸ್ಟಡಿ ಪರ್ಮಿಟ್ ಅರ್ಜಿಗೆ ಕಸ್ಟೋಡಿಯನ್, ಅಂದರೆ ಅಲ್ಲಿ ಮೈನರ್‌ನ ಜವಾಬ್ದಾರಿ ಹೊರುವ ವಯಸ್ಕರ, ಘೋಷಣೆ (IMM 5646) ಕೇಳಬಹುದು. 17 ತುಂಬಿದವರಿಗೆ ಅದು ಕಡ್ಡಾಯವಲ್ಲ, ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಒಂದು ಪುಟಕ್ಕೆ ಅಪ್ಪ-ಅಮ್ಮ ಇಲ್ಲಿಯ ನೋಟರಿ ಎದುರು, ಇನ್ನೊಂದಕ್ಕೆ ಕಸ್ಟೋಡಿಯನ್ ಕೆನಡಾದ ನೋಟರಿ ಎದುರು ಸಹಿ ಹಾಕಬೇಕು. ಜನ ಎಡವುವುದು ಇಲ್ಲೇ: ಕಸ್ಟೋಡಿಯನ್ ಕೆನಡಾದ ಪ್ರಜೆ ಅಥವಾ ಪಿಆರ್ ಆಗಿರಬೇಕು, ಅಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗ ನಡೆಯುವುದಿಲ್ಲ.

18ರಲ್ಲಿ ಅಲ್ಲಿಗೆ ಅರ್ಜಿ ಹಾಕಿದವರು ದಯವಿಟ್ಟು ತಿಳಿಸಿ: ಈ ಪತ್ರ ಮೊದಲೇ ಲಗತ್ತಿಸಿದಿರಾ, ಅಥವಾ ಆಮೇಲೆ ಕೇಳಿದರಾ?