ಅಂಗಡಿ ತುಂಬ ಮಾಲಿದೆ, ಬ್ಯಾಂಕಿನವರು ಯಾಕೆ ಲೆಕ್ಕಕ್ಕೆ ಹಿಡಿಯಲಿಲ್ಲ?

ಕೇಳಿದವರು (ದಾವಣಗೆರೆ, ಬಟ್ಟೆ ಅಂಗಡಿ): ಸಿ.ಸಿ., ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿ ಅಂತ ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಮಾರ್ಚ್ 31ರ ಲೆಕ್ಕ ನೋಡಿ, "ಕರೆಂಟ್ ರೇಶಿಯೋ 1.6 ಇದೆ, ಪರವಾಗಿಲ್ಲ. ಆದರೆ ಕ್ವಿಕ್ ರೇಶಿಯೋ 0.36 ಮಾತ್ರ" ಅಂದರು. ನಮ್ಮ ಲೆಕ್ಕ ಹೀಗಿದೆ: ಮಾಲು 30 ಲಕ್ಷ, ಉದ್ರಿ ಬರಬೇಕಾದ್ದು 7, ಕೈಯಲ್ಲೂ ಬ್ಯಾಂಕಲ್ಲೂ 2, ಮುಂಗಡ ಕಟ್ಟಿದ ಬಾಡಿಗೆ ಮತ್ತು ವಿಮೆ 1. ಒಟ್ಟು 40. ಕೊಡಬೇಕಾದ್ದು: ಮಾಲು ಕೊಟ್ಟವರಿಗೆ 14, ಸಿ.ಸಿ. 10, ಇತರೆ 1. ಒಟ್ಟು 25. 40ನ್ನು 25ರಿಂದ ಭಾಗಿಸಿದರೆ ಕರೆಂಟ್ ರೇಶಿಯೋ. ಮಾಲು, ಮುಂಗಡ ಬಿಟ್ಟು ಉಳಿದ 9ನ್ನು 25ರಿಂದ ಭಾಗಿಸಿದರೆ ಕ್ವಿಕ್ ರೇಶಿಯೋ ಅಂತೆ. 30 ಲಕ್ಷದ ಮಾಲು ಕಣ್ಣೆದುರೇ ಇದೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಹೇಗೆ? ಅನುಭವ ಇದ್ದವರು ಹೇಳಿ.

ಬಿ.ಕಾಂ. ಕೊನೆಯ ವರ್ಷ, ತುಮಕೂರು: ಅಕ್ಕ, ಕರೆಂಟ್ ರೇಶಿಯೋ 2 ಇರಬೇಕು, ಕ್ವಿಕ್ ರೇಶಿಯೋ 1 ಇರಬೇಕು. ನಿಮ್ಮದು ಎರಡರಲ್ಲೂ ಕಡಿಮೆ. ಕ್ವಿಕ್ 1ಕ್ಕಿಂತ ಕೆಳಗೆ ಹೋದರೆ ಅಂಗಡಿ ಅಪಾಯದಲ್ಲಿದೆ ಅಂತಲೇ ಅರ್ಥ. ಕೈಯಲ್ಲಿರುವ 2 ಲಕ್ಷವನ್ನು ಮಾಲು ಕೊಟ್ಟವರಿಗೆ ಕಟ್ಟಿಬಿಡಿ. ಸಾಲ ಇಳಿದರೆ ಎರಡೂ ರೇಶಿಯೋ ಏರುತ್ತವೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ತಮ್ಮಾ, ಲೆಕ್ಕ ಒಂದ್ಸಲ ಹಾಕಿ ನೋಡು. 2 ಲಕ್ಷ ಕಟ್ಟಿದರೆ ಈ ಕಡೆ 40 ಇದ್ದದ್ದು 38 ಆಗುತ್ತದೆ, ಆ ಕಡೆ 25 ಇದ್ದದ್ದು 23. ಕರೆಂಟ್ ರೇಶಿಯೋ 1.65ಕ್ಕೆ ಏರಿತು, ಸರಿ. ಆದರೆ ಕ್ವಿಕ್‌ನಲ್ಲಿ 9 ಹೋಗಿ 7 ಉಳಿಯಿತು. 7ನ್ನು 23ರಿಂದ ಭಾಗಿಸಿದರೆ 0.30. ಇನ್ನೂ ಕೆಳಗೆ ಬಂತು. ರೇಶಿಯೋ 1ಕ್ಕಿಂತ ಮೇಲಿದ್ದರೆ ಸಾಲ ತೀರಿಸಿದಾಗ ಏರುತ್ತದೆ, 1ಕ್ಕಿಂತ ಕೆಳಗಿದ್ದರೆ ಅದೇ ಕೆಲಸಕ್ಕೆ ಇಳಿಯುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಗಡಿಬಿಡಿಯಿಂದ ಬಾಕಿ ಕಟ್ಟಿ ಲೆಕ್ಕ ಚೆಂದ ಮಾಡಲು ಹೋದವರನ್ನು ನಾನು ಬಹಳ ನೋಡಿದ್ದೇನೆ. ಏಪ್ರಿಲ್ ಸಂಬಳಕ್ಕೆ ಕಾಸಿಲ್ಲದೆ ಅವರೇ ಒದ್ದಾಡುತ್ತಾರೆ.

ಇನ್ನು ನಿಮ್ಮ ಪ್ರಶ್ನೆಗೆ ಬರ್ತೀನಿ ಅಮ್ಮ. ನಿಮ್ಮ ಮಾಲು ಆಸ್ತಿ ಅಲ್ಲ ಅಂತ ಯಾರೂ ಹೇಳುತ್ತಿಲ್ಲ. ಮ್ಯಾನೇಜರ್ ಕೇಳುತ್ತಿರುವುದು ಬೇರೆ: ಬರುವ ತಿಂಗಳು ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬಂದರೆ, ಹೊಸದಾಗಿ ಏನನ್ನೂ ಮಾರದೆ ಎಷ್ಟು ಕೊಡಬಲ್ಲಿರಿ? ಉದ್ರಿ ಬಾಕಿ ದುಡ್ಡಾಗಲು ಒಂದೇ ಹೆಜ್ಜೆ, ವಸೂಲಿ. ಸೀರೆ ದುಡ್ಡಾಗಲು ಎರಡು ಹೆಜ್ಜೆ. ಮೊದಲು ಮಾರಬೇಕು. ಉದ್ರಿಗೆ ಮಾರಿದ್ದರೆ ಆಮೇಲೆ ವಸೂಲಿ ಮಾಡಬೇಕು. ಮೊದಲ ಹೆಜ್ಜೆ ಯಾವಾಗ ಆಗುತ್ತೆ, ಯಾವ ಬೆಲೆಗೆ ಆಗುತ್ತೆ ಅಂತ ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ಅದಕ್ಕೇ ಅದು ಹೊರಗೆ. ಕಟ್ಟಿಬಿಟ್ಟ ಬಾಡಿಗೆ, ವಿಮೆ ಕೂಡ ಹೊರಗೆ. ಅದು ಮತ್ತೆ ದುಡ್ಡಾಗಿ ವಾಪಸ್ ಬರಲ್ಲ.

ಒಂದು ವಿಷಯ ಕೇಳುತ್ತೇನೆ. ವರ್ಷಕ್ಕೆ ಎಷ್ಟು ಮಾಲು ತರಿಸುತ್ತೀರಿ?

ಕೇಳಿದವರು: ಸುಮಾರು 90 ಲಕ್ಷದ್ದು ಸರ್, ನಮಗೆ ಬಿದ್ದ ಬೆಲೆಯಲ್ಲಿ. ಹೆಚ್ಚಿನದು ಸೂರತ್‌ನಿಂದ, ಉಳಿದದ್ದು ಚಿಕ್ಕಪೇಟೆಯಿಂದ. ಮಾರಾಟವೂ ಹತ್ತಿರಹತ್ತಿರ ಅಷ್ಟೇ ಮಾಲಿಂದು.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ಅಲ್ಲಿಗೆ ಗೊತ್ತಾಯಿತು ನೋಡಿ. ವರ್ಷಕ್ಕೆ 90 ಲಕ್ಷದ ಮಾಲು ಹೋಗುತ್ತದೆ, ಅಂಗಡಿಯಲ್ಲಿ 30 ಲಕ್ಷದ್ದು ಕೂತಿದೆ. ಅಂದರೆ ಬಂದ ಮಾಲು ಸರಾಸರಿ ನಾಲ್ಕು ತಿಂಗಳು ಕಪಾಟಿನಲ್ಲಿರುತ್ತದೆ. ಮಾಲು ಕೊಟ್ಟವರಿಗೆ ಬಾಕಿ 14 ಲಕ್ಷ, ಅಂದರೆ ಅವರು ಹೆಚ್ಚುಕಡಿಮೆ 57 ದಿನ ಕಾಯುತ್ತಿದ್ದಾರೆ. ಮಾಲು ದುಡ್ಡಾಗಲು 120 ದಿನ, ದುಡ್ಡು ಕೊಡಲು 57 ದಿನ. ನಡುವಿನ ಎರಡು ತಿಂಗಳನ್ನು ನಿಮ್ಮ ಸಿ.ಸಿ. ತುಂಬುತ್ತಿದೆ. 1.6 ಅನ್ನೋ ಸಂಖ್ಯೆಯಲ್ಲಿ ಈ ಎರಡು ತಿಂಗಳು ಕಾಣಿಸುವುದೇ ಇಲ್ಲ.

ಮತ್ತೆ, 2 ಇರಬೇಕು ಅನ್ನೋದು ಹಳೆಯ ರೂಢಿ ಅಷ್ಟೆ. ನಮ್ಮ ಬ್ಯಾಂಕುಗಳಲ್ಲಿ ಬಹಳ ಕಾಲ ನಡೆದದ್ದು 1.33. ಅದು ರಿಸರ್ವ್ ಬ್ಯಾಂಕ್ ನೇಮಿಸಿದ ಟಂಡನ್ ಸಮಿತಿಯ 1975ರ ವರದಿಯಿಂದ ಬಂತು. 100 ರೂಪಾಯಿ ಚಾಲ್ತಿ ಆಸ್ತಿ ಇದ್ದರೆ 25 ರೂಪಾಯಿ ನಿಮ್ಮ ದೀರ್ಘಾವಧಿ ಹಣದಿಂದ ಬರಬೇಕು, ಉಳಿದ 75 ಚಾಲ್ತಿ ಸಾಲ ಇರಬಹುದು ಅಂತ. 100ನ್ನು 75ರಿಂದ ಭಾಗಿಸಿದರೆ 1.33.

ಸಿ.ಸಿ. ಸಾಲಗಾರ, ಗದಗ: ಸರ್, ಒಂದು ಮಾತು. ನಾವು ತಿಂಗಳಾ ತಿಂಗಳಾ ಸ್ಟಾಕ್ ಸ್ಟೇಟ್‌ಮೆಂಟ್ ಕೊಡ್ತೀವಿ. ಬ್ಯಾಂಕು ಅದರಲ್ಲಿ 25% ಕಳೆದು ಡ್ರಾಯಿಂಗ್ ಪವರ್, ಅಂದರೆ ಸಿ.ಸಿ.ಯಿಂದ ಎಷ್ಟು ತೆಗೆಯಬಹುದು ಅನ್ನೋ ಮಿತಿ, ಕೊಡುತ್ತದೆ. ಅಂದರೆ ಬ್ಯಾಂಕೇ ಸ್ಟಾಕಿಗೆ 75% ಬೆಲೆ ಕಟ್ಟಿತು. ಅದೇ ಬ್ಯಾಂಕು ಇಲ್ಲಿ ಸೊನ್ನೆ ಹಾಕಿದರೆ ಯಾವ ನ್ಯಾಯ? ಅಕ್ಕ, ನೀವು ಡ್ರಾಯಿಂಗ್ ಪವರ್ ಬಗ್ಗೆನೇ ವಾದ ಮಾಡಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ಅವರು ಕೇಳಿದ್ದು ಡ್ರಾಯಿಂಗ್ ಪವರ್ ಅಲ್ಲ. ಆದರೂ ನಿಮ್ಮ ಸಂಶಯ ಸರಿಯಾದದ್ದೇ. ಡ್ರಾಯಿಂಗ್ ಪವರ್ ಅಂದರೆ ಅಡವು. ಸಾಲ ಕೆಟ್ಟರೆ ನಿಧಾನವಾಗಿ ಮಾರಿ ಎಷ್ಟು ವಸೂಲಾದೀತು ಅನ್ನೋ ಲೆಕ್ಕ. ಅಲ್ಲೂ ಪೂರ್ತಿ ಸ್ಟಾಕ್ ಹಿಡಿಯಲ್ಲ, ಮಾಲು ಕೊಟ್ಟವರ ಬಾಕಿ ಕಳೆದ ಮೇಲೆ ಉಳಿದದ್ದಕ್ಕೆ ಮಾತ್ರ. ಈ ಅಮ್ಮನ ಲೆಕ್ಕದಲ್ಲಿ 30ರಲ್ಲಿ 14 ಹೋದರೆ 16. ಅದರ 75% ಅಂದರೆ 12 ಲಕ್ಷ. ಉದ್ರಿ ಬಾಕಿಯಲ್ಲಿ ಹೊಸದಕ್ಕೆ ಇನ್ನಷ್ಟು ಸೇರಬಹುದು. ಕ್ವಿಕ್ ರೇಶಿಯೋದಲ್ಲಿ ಪ್ರಶ್ನೆ ಗಡುವಿನದು. ಅಲ್ಲಿ ನಿಧಾನಕ್ಕೆ ಜಾಗವಿಲ್ಲ.

ಅಡಿಕೆ ವ್ಯಾಪಾರ, ಶಿರಸಿ: ಬಟ್ಟೆಯ ವಿಷಯ ಸರಿ ಸರ್. ನಮ್ಮ ವಖಾರಿಯಲ್ಲಿ ಚಾಲಿ ಅಡಿಕೆ ಚೀಲಗಳಿವೆ. ಟೆಂಡರಿಗೆ ಇಟ್ಟರೆ ಅದೇ ದಿನ ದರ ಬೀಳುತ್ತೆ, ಕೆಲವೇ ದಿನದಲ್ಲಿ ದುಡ್ಡು. ನನ್ನ ಉದ್ರಿ ಬಾಕಿಗಿಂತ ನನ್ನ ಅಡಿಕೆನೇ ಬೇಗ ದುಡ್ಡಾಗುತ್ತದೆ. ನಮ್ಮ ಆಡಿಟರ್ ಅದನ್ನೂ ಕಳೆದೇ ಲೆಕ್ಕ ಹಾಕುತ್ತಾರೆ. ನನಗಂತೂ ಇದು ಒಪ್ಪಿಗೆಯಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ನಿಮ್ಮ ಮಾತಿನಲ್ಲಿ ಹುರುಳಿದೆ. ಸೂತ್ರಕ್ಕೆ ಸೀರೆ ಯಾವುದು, ಅಡಿಕೆ ಯಾವುದು ಗೊತ್ತಿಲ್ಲ. ನಾನಾಗಿದ್ದರೆ ರೇಶಿಯೋ ಹಾಗೇ ಬಿಟ್ಟು, ಪಕ್ಕದಲ್ಲಿ ಒಂದು ಸಾಲು ಬರೆಯುತ್ತಿದ್ದೆ: ದಾಸ್ತಾನು ಟೆಂಡರಿನಲ್ಲಿ ದಿನವೂ ಮಾರಾಟವಾಗುವಂಥದ್ದು ಅಂತ. ಆದರೆ ನಿಮಗೆ ಸಮಯದ ಅಪಾಯ ಕಡಿಮೆ ಇದ್ದರೂ ದರದ ಅಪಾಯ ಇದೆ. ದರ ಇಳಿದ ವಾರದಲ್ಲೇ ಬಾಕಿ ಕಟ್ಟಬೇಕಾಗಿ ಬಂದರೆ?

ಅಡಿಕೆ ವ್ಯಾಪಾರ, ಶಿರಸಿ: ದರ ಇಳಿದಾಗ ನಾವು ಮಾರಲ್ಲ ಸರ್, ಇಟ್ಟುಕೊಳ್ಳುತ್ತೇವೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ಹಾಗಿದ್ದರೆ ಆ ವಾರ ಅದು ದುಡ್ಡಲ್ಲ, ಅಲ್ವಾ?

ಬಿಡಿಭಾಗ ತಯಾರಿಕೆ, ಪೀಣ್ಯ: ನನ್ನ ಕಥೆ ಉಲ್ಟಾ. ನಮ್ಮದು ಆರ್ಡರ್ ಬಂದ ಮೇಲೆ ಮಾಡುವ ಕೆಲಸ, ಸ್ಟಾಕ್ ಕಡಿಮೆ. ಕ್ವಿಕ್ ರೇಶಿಯೋ 1.1 ಇತ್ತು. ಬ್ಯಾಂಕಿನವರೂ ಖುಷಿ, ನಾನೂ ಖುಷಿ. ಆದರೆ ಬರಬೇಕಾದ ಹಣದಲ್ಲಿ ಮುಕ್ಕಾಲು ಭಾಗ ಒಬ್ಬನೇ ದೊಡ್ಡ ಗಿರಾಕಿಯದು. ಅವರು 60 ದಿನ ಅಂದವರು 150 ದಿನ ಮಾಡಿದರು. ಆ ತಿಂಗಳು ಹನ್ನೊಂದು ಜನ ಹುಡುಗರ ಸಂಬಳಕ್ಕೆ ಹೆಂಡತಿಯ ಬಳೆ ಇಟ್ಟೆ. ಸ್ಟಾಕ್ ಕಳೆದ ಮಾತ್ರಕ್ಕೆ ಉಳಿದದ್ದೆಲ್ಲ ದುಡ್ಡು ಅಂತ ತಿಳಿಯಬೇಡಿ. ಈಗ ನಾನು 90 ದಿನ ದಾಟಿದ ಬಾಕಿಯನ್ನೂ ಕಳೆದೇ ನೋಡುತ್ತೇನೆ. ಅಕ್ಕ, ನಿಮ್ಮ 7 ಲಕ್ಷ ಎಷ್ಟು ಹಳೆಯದು?

ಕೇಳಿದವರು: ಯೂನಿಫಾರ್ಮ್ ಕೊಟ್ಟ ಒಂದು ಶಾಲೆಯಿಂದಲೇ 3 ಲಕ್ಷ ಬರಬೇಕು ಅಣ್ಣ. ಹೋದ ಜೂನ್‌ದು. ಹೇಳಿದ ಮೇಲೆ ಭಯ ಆಗ್ತಿದೆ.

ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನೂ ನಮ್ಮ ಹುಡುಗಿಯೂ ಮಹಡಿಯ ಮಾಲು ಇಳಿಸಿ ಎಣಿಸಿದೆವು. ಬಿಲ್ ತಾರೀಖು ನೋಡಿ ಮೂರು ರಾಶಿ ಮಾಡಿದೆವು. ಮೂರು ತಿಂಗಳೊಳಗಿನದು 12 ಲಕ್ಷ. ಒಂದು ವರ್ಷದೊಳಗಿನದು 8. ವರ್ಷ ದಾಟಿದ್ದು 10 ಲಕ್ಷ. ಎರಡು ದೀಪಾವಳಿ ಹಿಂದೆ ತರಿಸಿದ ಕೆಲಸದ ಸೀರೆಗಳು, ಮಡಿಕೆ ಜಾಗದಲ್ಲಿ ಬಣ್ಣ ಮಾಸಿದೆ. ಲೆಕ್ಕದಲ್ಲಿ ಎಲ್ಲವೂ ಬಿದ್ದ ಬೆಲೆಗೇ ಇವೆ. ಬೇರೆ ವ್ಯಾಪಾರಿಯೊಬ್ಬರು ಆ ಹಳೆ ರಾಶಿಗೆ ಒಟ್ಟಿಗೆ 4 ಲಕ್ಷ ಕೊಡ್ತೀನಿ ಅಂದಿದ್ದಾರೆ. 6 ಲಕ್ಷ ಹೋಗುತ್ತಲ್ಲ ಅಂತ ಮನಸ್ಸು ಒಪ್ಪುತ್ತಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ಆ 6 ಲಕ್ಷ ಇವತ್ತು ಹೋಗುವುದಲ್ಲ ಅಮ್ಮ, ಬಣ್ಣ ಮಾಸಿದ ದಿನವೇ ಹೋಗಿದೆ. ಬಿದ್ದ ಬೆಲೆಗಿಂತ ಮಾರಿದರೆ ಸಿಗುವ ಬೆಲೆ ಕಡಿಮೆಯಿದ್ದರೆ ಕಡಿಮೆಯದ್ದನ್ನೇ ಹಿಡಿಯಬೇಕು ಅಂತ ಲೆಕ್ಕದ ನಿಯಮವೇ ಇದೆ. ನಿಮ್ಮ ಲೆಕ್ಕದಲ್ಲಿ ಅದು ಆಗಿಲ್ಲ. ಮಾರಿದರೆ ಏನಾಗುತ್ತೆ ನೋಡಿ. ಮಾಲು 20ಕ್ಕೆ ಇಳಿಯಿತು, ಕೈಗೆ 4 ಬಂತು. ಒಟ್ಟು 34. ಕರೆಂಟ್ ರೇಶಿಯೋ 1.6ರಿಂದ 1.36ಕ್ಕೆ ಇಳಿಯುತ್ತದೆ. ಕ್ವಿಕ್ ರೇಶಿಯೋ 0.36ರಿಂದ 0.52ಕ್ಕೆ ಏರುತ್ತದೆ. 1.6ರಲ್ಲಿ ಒಂದು ಪಾಲು ಆ ಮಾಸಿದ ಸೀರೆಗಳದ್ದು. ಮ್ಯಾನೇಜರ್‌ಗೆ ಸಂಶಯ ಬಂದದ್ದು ಅಲ್ಲೇ.

0.52 ಸಾಕಾ ಅಂತ ಕೇಳಿದರೆ, ದಿನವೂ ನಗದು ಬರುವ ಅಂಗಡಿಗೆ 1 ಇರಲೇಬೇಕು ಅಂತಿಲ್ಲ. ಕಿರಾಣಿ, ಸೂಪರ್ ಮಾರ್ಕೆಟ್‌ಗಳು 1ಕ್ಕಿಂತ ಬಹಳ ಕೆಳಗೇ ಚೆನ್ನಾಗಿ ನಡೆಯುತ್ತವೆ. ಅವರ ಮಾಲು ವಾರಗಳಲ್ಲಿ ತಿರುಗುತ್ತದೆ. ನಿಮ್ಮದು ನಾಲ್ಕು ತಿಂಗಳಿಗೆ ತಿರುಗುತ್ತಿದೆ. ಅದೇ ನಿಮ್ಮ ತೊಂದರೆ.

ಚಾರ್ಟರ್ಡ್ ಅಕೌಂಟೆಂಟ್, ಮೈಸೂರು: ಎಲ್ಲ ಒಪ್ಪಿದೆ, ಒಂದು ಬಿಟ್ಟು. ಕ್ವಿಕ್ ರೇಶಿಯೋದಲ್ಲಿ ಸಿ.ಸಿ.ಯ 10 ಲಕ್ಷವನ್ನು ಕೆಳಗಿನ ಕೊಡಬೇಕಾದ್ದರಲ್ಲಿ ಸೇರಿಸಬಾರದು ಅಂತ ನಾವು ಓದಿದ್ದು. ಅದು ವರ್ಷಾ ವರ್ಷಾ ನವೀಕರಣವಾಗುತ್ತದೆ, ನಾಳೆಯೇ ತೀರಿಸಬೇಕಾದ್ದಲ್ಲ. ಅದನ್ನು ಬಿಟ್ಟರೆ 9ನ್ನು 15ರಿಂದ ಭಾಗಿಸಿ 0.6. ಮ್ಯಾನೇಜರ್ ಹೇಳಿದ್ದಕ್ಕಿಂತ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ಪುಸ್ತಕದಲ್ಲಿ ಹಾಗೆ ಇದೆ, ನಿಜ. ಆದರೆ ಸಿ.ಸಿ. ಕೇಳಿದಾಗ ಕೊಡಬೇಕಾದ ಸಾಲ. ಸ್ಟಾಕ್ ಇಳಿದ ತಿಂಗಳು ಡ್ರಾಯಿಂಗ್ ಪವರ್ ಇಳಿಯುತ್ತದೆ, ಹೆಚ್ಚಾದ ಹಣ ಆಗಲೇ ಕಟ್ಟಬೇಕು. ವ್ಯಾಪಾರ ಕುಗ್ಗಿದಾಗಲೇ ಅದು ಕುತ್ತಿಗೆಗೆ ಬರುವುದು. ನಾನು ಸೇರಿಸಿಯೇ ನೋಡುತ್ತಿದ್ದೆ.

ಚಾರ್ಟರ್ಡ್ ಅಕೌಂಟೆಂಟ್, ಮೈಸೂರು: ಹಾಗೆ ಸೇರಿಸಿದರೆ ನಮ್ಮ ಕಡೆಯ ಅರ್ಧಕ್ಕರ್ಧ ಅಂಗಡಿಗಳು ಫೇಲ್ ಆಗುತ್ತವೆ ಸರ್. ನಾನಂತೂ ಎರಡೂ ಸಂಖ್ಯೆ ಬರೆದು ಕೊಡುತ್ತೇನೆ.

ಕೇಳಿದವರು: ಎರಡೂ ಬರೆದುಕೊಂಡು ಸೋಮವಾರ ಬ್ಯಾಂಕಿಗೆ ಹೋಗ್ತೀನಿ. ಅದಕ್ಕೂ ಮೊದಲು ನಾಳೆ ಶಾಲೆಗೆ. ಹಳೆ ಸೀರೆಗೆ 4 ಲಕ್ಷ ಅಂದವರಿಗೆ ನಾಲ್ಕೂವರೆ ಕೇಳಿದ್ದೇನೆ, ಸಂಜೆ ಫೋನ್ ಮಾಡ್ತಾರಂತೆ.