ಭತ್ತದ ಕೂಳೆ ಸುಡದೆ ನೀವೇನು ಮಾಡಿದಿರಿ? ಅನುಭವ ಹೇಳಿ

ಮಂಡ್ಯ ತಾಲ್ಲೂಕಿನ ಸಣ್ಣ ರೈತ: ವಿ.ಸಿ. ನಾಲೆ ಕೆಳಗೆ 1 ಎಕರೆ 10 ಗುಂಟೆ ಗದ್ದೆ. ಐದು ದಿನದ ಹಿಂದೆ ಮಿಷನ್‌ನಲ್ಲಿ ಕೊಯ್ಸಿದೆ. ಹುಲ್ಲು ಗದ್ದೆ ತುಂಬ ಬಿದ್ದಿದೆ, ಮೊಣಕಾಲುದ್ದ ಕೂಳೆ ನಿಂತಿದೆ. ಮನೆಯಲ್ಲಿ ಹಸು ಇಲ್ಲ. ಪಕ್ಕದ ಮನೆಯ ಮಗುವಿಗೆ ಉಬ್ಬಸ, ಅದಕ್ಕೇ ಬೆಂಕಿ ಹಾಕಲು ಮನಸ್ಸಿಲ್ಲ. ನಾಲೆಗೆ ನೀರು ಬಿಟ್ಟರೆ ಬೇಸಿಗೆ ಭತ್ತ ನಾಟಿ ಮಾಡಬೇಕು. ಸುಡದೆ ನಿಭಾಯಿಸಿದವರು ದಯವಿಟ್ಟು ಹೇಳಿ.

ಕೆರಗೋಡು ಕಡೆಯವನು: ಬೆಂಕಿ ಹಾಕಬೇಡಿ ಅಣ್ಣ. ನಾನು ಹಾಕಿ ಅನುಭವಿಸಿದ್ದೇನೆ. ಎರಡು ವರ್ಷದ ಹಿಂದೆ ಬೆಳಿಗ್ಗೆ ಹತ್ತಕ್ಕೆ ಕಡ್ಡಿ ಗೀರಿದೆ. ಗಾಳಿ ಇರಲಿಲ್ಲ. ಮೇಲಿನ ಹುಲ್ಲು ಬೇಗ ಉರಿಯಿತು, ಕೆಳಗಿನ ಕೂಳೆ ಹಸಿ. ಅದು ಉರಿಯಲಿಲ್ಲ, ಆರಲೂ ಇಲ್ಲ, ಬಿಳಿ ಹೊಗೆ ಬಿಡುತ್ತಾ ಸುಮ್ನೆ ಕಮರುತ್ತಿತ್ತು. ಆರಿತು ಅಂತ ಊಟಕ್ಕೆ ಹೋದೆ. ಒಂದೂವರೆಗೆ ಗಾಳಿ ಎದ್ದಿತು, ಕಿಡಿ ಬದು ದಾಟಿ ಪಕ್ಕದವರ ಕಬ್ಬಿಗೆ ಬಿತ್ತು. ಹದಿನಾಲ್ಕು ಗುಂಟೆ ಕಬ್ಬು, ಒಂಬತ್ತು ತಿಂಗಳದ್ದು, ಇನ್ನೂ ಬಲಿತಿರಲಿಲ್ಲ. ಸುಟ್ಟ ಕಬ್ಬನ್ನು ದಿನ ಕಳೆಯುವುದರೊಳಗೆ ಕಡಿಯಬೇಕು, ಇಲ್ಲದಿದ್ದರೆ ತೂಕವೂ ಹೋಗುತ್ತೆ, ಸಿಹಿಯೂ ಹೋಗುತ್ತೆ. ಆಲೆಮನೆಯವರು ಅರ್ಧ ಬೆಲೆಗೆ ತೆಗೆದುಕೊಂಡರು. ಪಂಚಾಯ್ತಿ ಕೂತು ನಾನು 26,000 ಕಟ್ಟಿಕೊಟ್ಟೆ. ಹನಿ ನೀರಾವರಿ ಪೈಪು ಕರಗಿದ್ದಕ್ಕೆ ಬೇರೆ 9,500. ಬದುವಿನ ಮೇಲಿದ್ದ ನನ್ನದೇ ಎರಡು ತೆಂಗಿನ ಸಸಿಯೂ ಹೋದವು. ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಪಕ್ಕದವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ತಿ. ನರಸೀಪುರ, 2 ಎಕರೆ: ಇವರು ಬೆಂಕಿ ಬಿಟ್ಟು ಊಟಕ್ಕೆ ಹೋದದ್ದು ತಪ್ಪು, ಬೆಂಕಿಯದಲ್ಲ. ನಾನು ಇಪ್ಪತ್ತು ವರ್ಷದಿಂದ ಸುಡುತ್ತಿದ್ದೇನೆ. ಸುತ್ತಲೂ ಎಂಟು ಅಡಿ ಹುಲ್ಲು ಎಳೆದು ಬಯಲು ಮಾಡಿ, ಸಂಜೆ ಗಾಳಿ ನಿಂತ ಮೇಲೆ ಹಾಕುತ್ತೇನೆ. ಬೂದಿ ಒಳ್ಳೆ ಗೊಬ್ಬರ, ಕಾಂಡ ಕೊರಕ ಸಾಯುತ್ತೆ, ಇಲಿ ಓಡುತ್ತೆ. ಕೂಳೆ ಕುಯ್ಯಲು ಆಳು ಕರೆದರೆ ಎಕರೆಗೆ ಎಂಟು ಜನ ಬೇಕು. ಆ ಕೂಲಿ ಯಾರು ಕೊಡುತ್ತಾರೆ? ನಮ್ಮ ವರ್ಷಕ್ಕೊಂದು ದಿನದ ಹೊಗೆ ಎಲ್ಲರ ಕಣ್ಣಿಗೆ ಬೀಳುತ್ತೆ. ಆಲೆಮನೆಗಳಲ್ಲಿ ಟೈರು, ಪ್ಲಾಸ್ಟಿಕ್ ಹಾಕಿ ಉರಿಸುವವರನ್ನು ಯಾರೂ ಕೇಳುವುದಿಲ್ಲ.

ಪಾಂಡವಪುರ, 3 ಎಕರೆ ನಾಲೆ ಗದ್ದೆ: ನರಸೀಪುರದವರು ಅರ್ಧ ಸರಿ ಹೇಳಿದ್ದಾರೆ. ಪೊಟ್ಯಾಷ್ ಬಹುಪಾಲು ಬೂದಿಯಲ್ಲಿ ಉಳಿಯುತ್ತೆ, ಅದು ನಿಜ. ಆದರೆ ಬೂದಿ ಗದ್ದೆಗೆಲ್ಲ ಒಂದೇ ಸಮ ಬೀಳುವುದಿಲ್ಲ. ಸಾರಜನಕವಂತೂ ಬಹುತೇಕ ಹೊಗೆಯಲ್ಲೇ ಹೋಗುತ್ತೆ. ಎಕರೆಗೆ ಎರಡು ಟನ್ ಹುಲ್ಲು ಅಂದರೆ ಅರ್ಧ ಮೂಟೆ ಯೂರಿಯಾದಷ್ಟು. ಇನ್ನು ಕಾಂಡ ಕೊರಕದ ಹುಳು ಕೂಳೆಯ ಬುಡದಲ್ಲಿ, ಮಣ್ಣಿನ ಮಟ್ಟಕ್ಕೇ ಇಳಿದು ಕೂತಿರುತ್ತೆ. ಮೇಲಿನ ಹುಲ್ಲು ಉರಿದರೆ ಅಲ್ಲಿಗೆ ಬಿಸಿ ಸರಿಯಾಗಿ ತಲುಪುವುದಿಲ್ಲ. ಕೂಳೆಯನ್ನು ಮಗುಚಿ ನೀರು ನಿಲ್ಲಿಸಿದರೆ ಆ ಹುಳು ಸಾಯುತ್ತೆ.

ಸುಡದೆ ಇರುವುದೂ ಸುಲಭ ಅಲ್ಲ. ಮೊದಲ ವರ್ಷ ನಾನು ಚೆನ್ನಾಗಿ ಪೆಟ್ಟು ತಿಂದೆ. ನಾಲೆ ನೀರು ಬಂದ ಕೂಡಲೇ ಹುಲ್ಲಿನ ಸಮೇತ ರೋಟವೇಟರ್ ಹೊಡೆಸಿದೆ. ಬ್ಲೇಡಿಗೆ ಹುಲ್ಲು ಸುತ್ತಿಕೊಂಡು ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕುಡುಗೋಲಿನಿಂದ ಕೊಯ್ದು ಬಿಡಿಸಬೇಕಾಯಿತು. ಎರಡು ಗಂಟೆ ಕೆಲಸಕ್ಕೆ ನಾಲ್ಕೂವರೆ ಗಂಟೆ ಬಾಡಿಗೆ ಕೊಟ್ಟೆ. ಆರನೇ ದಿನ ನಾಟಿ ಮಾಡಿದೆ. ಎರಡು ವಾರಕ್ಕೆ ಪೈರು ಹಳದಿಯಾಯಿತು, ತೆಂಡೆ ಒಡೆಯಲಿಲ್ಲ. ಗದ್ದೆಗೆ ಕಾಲಿಟ್ಟರೆ ಗುಳ್ಳೆ ಏಳುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ. ಪೈರು ಕಿತ್ತು ನೋಡಿದರೆ ಬೇರು ಕಪ್ಪು. ರೋಗ ಅಂದುಕೊಂಡು ಅಂಗಡಿಯವರು ಕೊಟ್ಟ ಔಷಧಿಗೆ 1,850 ಸುರಿದೆ. ಅದು ರೋಗವೇ ಅಲ್ಲ. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಮೊದಲು ತಾವು ತಿನ್ನುತ್ತವೆ, ಪೈರಿಗೆ ಸಿಗುವುದಿಲ್ಲ. ಗಾಳಿ ಇಲ್ಲದ ಕೆಸರಿನಲ್ಲಿ ಕೊಳೆತರೆ ಬೇರಿಗೆ ವಿಷ ಆಗುತ್ತೆ. ನೀರು ಬಸಿದು, ನೆಲದಲ್ಲಿ ಕೂದಲೆಳೆಯಷ್ಟು ಬಿರುಕು ಬರುವ ತನಕ ಐದು ದಿನ ಒಣಗಿಸಿದೆ. ಆಮೇಲೆ ನೀರು ಕಟ್ಟಿ ಸ್ವಲ್ಪ ಯೂರಿಯಾ ಕೊಟ್ಟೆ. ಬಿಳಿ ಬೇರು ಬಂತು. ಆದರೂ ಆ ಸಲ ಎಕರೆಗೆ ನಾಲ್ಕು ಮೂಟೆ ಕಡಿಮೆ ಆಯಿತು.

ಮುಂದಿನ ವರ್ಷ ಕ್ರಮ ಬದಲಾಯಿಸಿದೆ. ಕೂಳೆ ಮಗುಚಿದ ದಿನವೇ ಒಟ್ಟಲು ಹಾಕಿದೆ. ಸಸಿ ನಾಟಿಗೆ ಬರಲು 21ರಿಂದ 25 ದಿನ ಬೇಕೇ ಬೇಕಲ್ವಾ, ಅಷ್ಟರಲ್ಲಿ ಕೂಳೆ ಕೊಳೆಯುತ್ತೆ. ಬೇರೆ ಕಾಯುವ ಅಗತ್ಯ ಇಲ್ಲ. ಮಗುಚುವಾಗ ಎಕರೆಗೆ 20 ಕಿಲೋ ಯೂರಿಯಾ ಹೆಚ್ಚಿಗೆ ಎರಚಿದೆ. ನಾಟಿಗೆ ಕೆಸರು ಮಾಡುವ ತನಕ ಗದ್ದೆ ತುಂಬ ನೀರು ನಿಲ್ಲಿಸಲಿಲ್ಲ, ಬರೀ ತೇವ ಇಟ್ಟೆ. ಹಳದಿ ಬರಲಿಲ್ಲ.

ಮಳವಳ್ಳಿ, ಬೇಲರ್ ಕರೆಸಿದವನು: ಕೂಳೆಯ ತಲೆನೋವು ಶುರುವಾಗುವುದೇ ಕೊಯ್ಯುವ ದಿನ. ಮಿಷನ್ ಡ್ರೈವರ್‌ಗೆ ಗಂಟೆ ಲೆಕ್ಕ, ಅವನು ತೆನೆಯ ಕೆಳಗೆ ಕುಯ್ದು ಓಡುತ್ತಾನೆ. ಅರ್ಧ ಹುಲ್ಲು ನಿಂತೇ ಇರುತ್ತೆ, ಬೇಲರ್ ಅದನ್ನು ಎತ್ತುವುದಿಲ್ಲ, ಬಿದ್ದಿದ್ದನ್ನು ಮಾತ್ರ ಎತ್ತಿ ರೋಲ್ ಸುತ್ತುತ್ತೆ. ಒಂದು ವರ್ಷ ಹಾಗೆ ಕೊಯ್ಸಿ ಒಂದೂವರೆ ಎಕರೆಗೆ 38 ರೋಲ್ ಬಂತು. ಮರುವರ್ಷ ಗದ್ದೆಯಲ್ಲೇ ನಿಂತು ಗೇಣುದ್ದಕ್ಕೆ ಕೊಯ್ಸಿದೆ, ಹುಲ್ಲನ್ನು ಸಾಲಾಗಿ ಬೀಳಿಸಿದೆ. ಮುಕ್ಕಾಲು ಗಂಟೆ ಜಾಸ್ತಿ ಹಿಡಿಯಿತು, ಡ್ರೈವರ್ ಗೊಣಗಿದ, 62 ರೋಲ್ ಬಂತು. ರೋಲಿಗೆ ನಲವತ್ತರಂತೆ 2,480 ಕೊಟ್ಟೆ. ಹಾಲು ಕರೆಯುವವರು ನೂರರಂತೆ ಗದ್ದೆಯಿಂದಲೇ 53 ಒಯ್ದರು. ಉಳಿದ ಒಂಬತ್ತು ಹಾಳು.

ಹಾಳಾದದ್ದು ಹೇಗೆ ಅಂತ ಕೇಳಿ. ಬೇಲರ್‌ನವನಿಗೆ ಬೇರೆ ಊರಿಗೆ ಹೋಗುವ ಅವಸರ, ಬೆಳಿಗ್ಗೆ ಎಂಟಕ್ಕೇ ಬಂದ. ಹುಲ್ಲಿನ ಮೇಲೆ ಇಬ್ಬನಿ ಇತ್ತು. ಸುಮ್ನೆ ಒಪ್ಪಿಕೊಂಡೆ. ನಾಲ್ಕನೇ ದಿನ ಆ ರೋಲಿನ ನಡುವೆ ಕೈ ಹಾಕಿದರೆ ಬಿಸಿ, ವಾರಕ್ಕೆ ಕಪ್ಪು ಬೂಸ್ಟು. ಕೊಯ್ದ ಮೇಲೆ ಎರಡು ಮೂರು ದಿನ ಬಿಸಿಲು ಕಾಯಿಸಿ, ಹನ್ನೊಂದು ಗಂಟೆ ಮೇಲೇ ಸುತ್ತಿಸಿ. ಹುಲ್ಲು ಮುಷ್ಟಿಯಲ್ಲಿ ಹಿಡಿದು ತಿರುಚಿದರೆ ಪಟಪಟ ಮುರಿಯಬೇಕು.

ಕೆ.ಆರ್. ಪೇಟೆ, ನಾಲ್ಕು ಹಸು ಸಾಕುವವಳು: ನಮ್ಮನೆ ಹಸು ಮಿಷನ್ ಹುಲ್ಲು ಮೂಸಿ ನೋಡಿ ಬಿಟ್ಟವು. ಮಿಷನ್ ಒಳಗೆ ಜಜ್ಜಿ ಹೋಗಿರುತ್ತೆ, ಧೂಳು ಬೇರೆ. ನಾನು ಕೈಯಲ್ಲೇ ಕೊಯ್ಸಿ, ಕಂತೆ ಕಟ್ಟಿಸಿ, ಬಡಿಸಿ ಮೆದೆ ಹಾಕುತ್ತೇನೆ. ಈ ವರ್ಷ ಆಳಿಗೇ 11,200 ಆಯಿತು, ಊಟ ತಿಂಡಿ ಬೇರೆ. ಆದರೂ ಹೊರಗಿನಿಂದ ಹುಲ್ಲು ಕೊಂಡಿಲ್ಲ, ಗೊಬ್ಬರ ಗದ್ದೆಗೇ ಹೋಗಿದೆ. ನೀವೂ ಒಂದು ಹಸು ಕಟ್ಟಿ, ಎಲ್ಲ ಸರಿಹೋಗುತ್ತೆ.

ಮಳವಳ್ಳಿ, ಬೇಲರ್ ಕರೆಸಿದವನು: ಅಕ್ಕ, ನನ್ನ ಹುಲ್ಲು ತಿಂದ ಹಸುಗಳು ಹಾಲು ಕೊಡುತ್ತಿವೆ. ಕತ್ತರಿಸಿ ಹಸಿ ಮೇವಿನ ಜೊತೆ ಕಲಸಿ ಕೊಡಿ. ಅವರು ಹಸು ಇಲ್ಲ ಅಂತ ಮೊದಲೇ ಹೇಳಿದ್ದಾರೆ, ಹಸು ಕಟ್ಟಿ ಅಂದರೆ ಅದು ಉತ್ತರವಾ?

ಕೆ.ಆರ್. ಪೇಟೆ, ನಾಲ್ಕು ಹಸು ಸಾಕುವವಳು: ಹುಲ್ಲೆಲ್ಲ ಮಾರಿ ನೂರು ರೂಪಾಯಿ ಎಣಿಸುವವರು ಗದ್ದೆಗೆ ಏನು ವಾಪಸ್ ಕೊಟ್ಟಿದ್ದೀರಿ, ಅದನ್ನೂ ಹೇಳಿ.

ಪಾಂಡವಪುರ, 3 ಎಕರೆ ನಾಲೆ ಗದ್ದೆ: ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಟನ್ ಹುಲ್ಲಿನಲ್ಲಿ ಸುಮಾರು 25 ಕಿಲೋ ಪೊಟ್ಯಾಷ್ ಇರುತ್ತೆ. ಮಳವಳ್ಳಿಯವರು ವರ್ಷ ವರ್ಷ ರೋಲ್ ಕಳಿಸುತ್ತಾ ಹೋದರೆ ಅಷ್ಟು ಗದ್ದೆಯಿಂದ ಆಚೆ ಹೋಗುತ್ತೆ. ಹುಲ್ಲು ಒಯ್ದವರಿಂದಲೇ ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಮಾತಾಡಿಕೊಳ್ಳಿ, ದುಡ್ಡು ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ.

ಮದ್ದೂರು, ಹೊಸ ರೈತ: ಇಷ್ಟೆಲ್ಲ ಯಾಕೆ? ಹುಲ್ಲು ಕೊಳೆಸುವ 20 ರೂಪಾಯಿ ಡಿಕಾಂಪೋಸರ್ ಬಾಟಲಿ ತಂದು 200 ಲೀಟರ್ ನೀರಿಗೆ 2 ಕಿಲೋ ಬೆಲ್ಲ ಹಾಕಿ ಹೊಡೆಯಿರಿ. ದೆಹಲಿಯ ಪೂಸಾ ಕೃಷಿ ಸಂಸ್ಥೆಯವರು ಮಾಡಿದ್ದು ಇದೇ. ಕೂಳೆ ಪುಡಿಪುಡಿ ಆಗುತ್ತೆ. ನಾನು ಹೊಡೆದು ಹನ್ನೆರಡು ದಿನ ಆಯಿತು, ಇನ್ನೂ ಆಗಿಲ್ಲ. ಆಗುತ್ತೆ.

ಪಾಂಡವಪುರ, 3 ಎಕರೆ ನಾಲೆ ಗದ್ದೆ: ಎರಡನ್ನೂ ಕಲಸಿಬಿಟ್ಟಿದ್ದೀರಿ. ಬಾಟಲಿಯದು ಗಾಜಿಯಾಬಾದ್ ಸಾವಯವ ಕೇಂದ್ರದ್ದು. ಪೂಸಾದ್ದು ಕ್ಯಾಪ್ಸೂಲ್, ನಾಲ್ಕು ಕ್ಯಾಪ್ಸೂಲ್‌ಗೆ 25 ಲೀಟರ್ ದ್ರಾವಣ, ಬೆಲ್ಲದ ಜೊತೆ ಕಡಲೆ ಹಿಟ್ಟು ಹಾಕಿ ಬೆಳೆಸುವುದು. ಯಾವುದೇ ಆದರೂ ಒಣಗಿ ನಿಂತ ಕೂಳೆಯ ಮೇಲೆ ಹೊಡೆದರೆ ಏನೂ ಆಗುವುದಿಲ್ಲ. ಮಣ್ಣಿಗೆ ಸೇರಿಸಬೇಕು, ತೇವ ಇರಬೇಕು, ಮೂರು ವಾರ ಬಿಡಬೇಕು. ನಿಮ್ಮ ಗದ್ದೆಯಲ್ಲಿ ಈಗ ತೇವ ಇದೆಯಾ?

ಮದ್ದೂರು, ಹೊಸ ರೈತ: ನೀರು ಬರುವುದು ನಿಂತು ಒಂದು ತಿಂಗಳು, ನೆಲ ಒಣಗಿದೆ. ಕಾಲಿಟ್ಟರೆ ಚುಚ್ಚುತ್ತೆ.

ತಿ. ನರಸೀಪುರ, 2 ಎಕರೆ: ನೋಡಿದಿರಾ? ನೀರು ಇರುವವರ ಮಾತು ಎಲ್ಲ. ಪಾಂಡವಪುರದಲ್ಲಿ ನಾಲೆ ಮೊದಲು ತುಂಬುತ್ತೆ. ನಾನು ನಾಲೆಯ ಬಾಲದಲ್ಲಿ ಇದ್ದೇನೆ. ನೀರು ಬಂದ ಮೇಲೆ 21 ದಿನ ಕಾಯುತ್ತಾ ಕೂತರೆ ನನ್ನ ಸರದಿ ಮುಗಿದೇ ಹೋಗಿರುತ್ತೆ. ಆ ಮಗುವಿನ ಉಬ್ಬಸಕ್ಕೆ ನನಗೂ ಸಂಕಟ ಆಗುತ್ತೆ. ನನ್ನ ಅಪ್ಪನಿಗೂ ಉಬ್ಬಸ ಇತ್ತು.

ಪಾಂಡವಪುರ, 3 ಎಕರೆ ನಾಲೆ ಗದ್ದೆ: ಬಾಲದ ಕಡೆಯವರ ಕಷ್ಟ ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀರು ನಂಬಲು ಆಗದಿದ್ದರೆ ಕೊಯ್ದ ವಾರದೊಳಗೆ, ನೆಲದ ಹದ ಇರುವಾಗಲೇ ಮಗುಚಿ ಬಿಡಿ. ಹದ ಬಿಟ್ಟರೆ ನೇಗಿಲು ಇಳಿಯುವುದಿಲ್ಲ.

ಮಂಡ್ಯ ತಾಲ್ಲೂಕಿನ ಸಣ್ಣ ರೈತ: ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನ ಗದ್ದೆಗೆ ಹೋಗಿ ಹಾರೆ ಹಾಕಿ ನೋಡಿದೆ. ಬೆರಳುದ್ದ ಕೆಳಗೆ ಇನ್ನೂ ಹದ ಇದೆ. ಹುಲ್ಲು ತಿರುಚಿ ನೋಡಿದೆ, ಮುರಿಯಿತು. ಬೇಲರ್‌ನವನಿಗೆ ಫೋನ್ ಮಾಡಿದರೆ ಎರಡು ಎಕರೆಗಿಂತ ಕಡಿಮೆಗೆ ಬರುವುದಿಲ್ಲ ಅಂದ. ಬದುವಿನಾಚೆ ಅಣ್ಣತಮ್ಮಂದಿರದು ಇಪ್ಪತ್ತೆಂಟು ಗುಂಟೆ ಇದೆ, ಅವರೂ ಸುಟ್ಟಿಲ್ಲ. ಇಬ್ಬರದೂ ಸೇರಿದರೆ ಎರಡು ಎಕರೆಗೆ ಎರಡು ಗುಂಟೆ ಕಡಿಮೆ, ಅಷ್ಟಕ್ಕೆ ಒಪ್ಪಿದ. ಗುರುವಾರ ಹನ್ನೊಂದರ ಮೇಲೆ ಬಾ ಅಂತ ಹೇಳಿದ್ದೇನೆ. ರೋಲ್ ಎತ್ತಿದ ದಿನವೇ ಕೂಳೆ ಮಗುಚುತ್ತೇನೆ. ಒಂದು ಉಳಿಯಿತು. ಈ ಸಲ ಅರ್ಧ ಗದ್ದೆಗೆ ಬೆಂಕಿ ರೋಗ ಬಂದಿತ್ತು. ಆ ಭಾಗದ ಕೂಳೆಯನ್ನೂ ಮಣ್ಣಿಗೆ ಸೇರಿಸಬಹುದಾ?

ಪಾಂಡವಪುರ, 3 ಎಕರೆ ನಾಲೆ ಗದ್ದೆ: ರೋಗದ ಬೀಜ ಹುಲ್ಲಿನಲ್ಲಿ ಉಳಿಯುತ್ತೆ, ಅದಕ್ಕೆ ಆ ಭಾಗದ ಬಿಡಿ ಹುಲ್ಲನ್ನು ಗದ್ದೆಯಲ್ಲಿ ಬಿಡಬೇಡಿ, ಬದುವಿನ ಮೇಲೂ ರಾಶಿ ಹಾಕಬೇಡಿ. ಮೊದಲು ಅದನ್ನೇ ಸುತ್ತಿಸಿ ದೂರ ಕಳಿಸಿ. ಒಟ್ಟಲಿನ ಹತ್ತಿರವಂತೂ ಇಡಲೇಬೇಡಿ. ಬುಡದ ಕೂಳೆಯನ್ನು ಆಳಕ್ಕೆ ಮಗುಚಿ.

ತಿ. ನರಸೀಪುರ, 2 ಎಕರೆ: ಬೆಂಕಿ ರೋಗ ಬಂದ ಗದ್ದೆಯನ್ನು ನಾನಾದರೆ ಸುಡುತ್ತೇನೆ. ಈ ಮಾತು ಮಾತ್ರ ಬಿಡುವುದಿಲ್ಲ.