[ಪದಚರ್ಚೆ] ‘ರಿಕವರಿ ಪ್ಲಾನ್’: ಚೇತರಿಕೆಯೋ ವಸೂಲಿಯೋ? (ನಾಳೆಯೊಳಗೆ ಬೇಕು)

ಸುಮಾ:
ಎಲ್ಲರಿಗೂ ನಮಸ್ಕಾರ. ಒಂದು ಟ್ರಸ್ಟ್ ಸರ್ಕಾರಿ ಶಾಲೆಗೆ ಎರಡು ಕೊಠಡಿ ಕಟ್ಟಿಸಿಕೊಡುತ್ತಿದೆ. ಇಂಜಿನಿಯರ್ ಅವರಿಗೆ ವಾರವಾರ ಇಂಗ್ಲಿಷಿನಲ್ಲಿ ಇಮೇಲ್ ವರದಿ ಕಳಿಸುತ್ತಾರೆ. ಶಾಲೆಯ ಸಮಿತಿ ಎಸ್‌ಡಿಎಂಸಿಯವರೂ ಓದಲೆಂದು ಈ ವಾರದ್ದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ಪಾನ್ಸರ್, ಟೂ ವೀಕ್ ಡಿಲೇ, ರಿಕವರಿ ಪ್ಲಾನ್ ಈ ಮೂರರಲ್ಲಿ ಸಿಕ್ಕಿಕೊಂಡಿದ್ದೇನೆ. ಸದ್ಯಕ್ಕೆ ಬರೆದಿರುವುದು ಹೀಗಿದೆ:

“ಪ್ರಾಯೋಜಕರ ಗಮನಕ್ಕೆ: ಕಾಮಗಾರಿ ಎರಡು ವಾರ ಮುಂದಕ್ಕೆ ಹೋಗಿದೆ. ಚೇತರಿಕೆ ಯೋಜನೆಯನ್ನು ಲಗತ್ತಿಸಿದೆ.”

ಓದಿದರೆ ಕಟ್ಟಡಕ್ಕೇ ಜ್ವರ ಬಂದಂತಿದೆ. ವಸೂಲಿ ಅಂದರೆ ಬ್ಯಾಂಕಿನವರು ಬಾಗಿಲಿಗೆ ಬಂದಂತೆ. ಏನು ಮಾಡಲಿ?

ಗುರುರಾಜ:
‘ಪ್ರಾಯೋಜಕ’ ಎಂಬುದೇ ತಪ್ಪು. ಟಿವಿ ಹಿಂದಿಯಿಂದ ಬಂದ ಕೂಸು. ಸರಿಯಾದದ್ದು ‘ಪ್ರಯೋಜಕ’. ಪಾಣಿನಿಯ ‘ತತ್ಪ್ರಯೋಜಕೋ ಹೇತುಶ್ಚ’ ನೋಡಿ: ತಾನು ಮಾಡದೆ ಇನ್ನೊಬ್ಬರಿಂದ ಮಾಡಿಸುವವನು ಪ್ರಯೋಜಕ. ಕಟ್ಟಿಸುವ ಟ್ರಸ್ಟ್‌ಗೆ ಇದಕ್ಕಿಂತ ಒಪ್ಪುವ ಪದ ಇಲ್ಲ.

ಮಂಜುಳಾ:
ಗುರುರಾಜರೇ, ‘ಪ್ರಯೋಜಕರೇ’ ಎಂದು ಕರೆದರೆ ಕೇಳುವವರ ಕಿವಿಗೆ ಮೊದಲು ಬೀಳುವುದು ‘ಅಪ್ರಯೋಜಕ’. ದುಡ್ಡು ಕೊಡುವವರ ಹತ್ತಿರ ಈ ಪ್ರಯೋಗ ಬೇಡ.

ಶ್ರೀಧರ:
ನಮ್ಮ ಸಂಘದ ವಾರ್ಷಿಕೋತ್ಸವದ ಬ್ಯಾನರಿನಲ್ಲಿ ‘ಕೃಪಾಪೋಷಕರು’ ಎಂದು ಹಾಕಿಸುತ್ತೇವೆ, ಯಾರೂ ತಕರಾರು ತೆಗೆದಿಲ್ಲ. ಇಲ್ಲೂ ‘ಪೋಷಕರು’ ಸಾಕು. ಅಕ್ಷರ ದೊಡ್ಡದಿರಲಿ, ಹೆಸರಿನ ಪಕ್ಕದಲ್ಲಿ ಲೋಗೋ ಬರಲಿ.

ಸುಮಾ:
ಸರ್, ಬ್ಯಾನರ್ ಅಲ್ಲ, ಇಮೇಲ್. ಶಾಲೆಯಲ್ಲಿ ಪೋಷಕರು ಅಂದರೆ ಮಕ್ಕಳ ತಂದೆತಾಯಿ. “ಪೋಷಕರು ಹೆಚ್ಚುವರಿ ಹಣ ಮಂಜೂರು ಮಾಡಬೇಕು” ಎಂದು ಹೋದರೆ ಮರುದಿನವೇ ಊರಲ್ಲಿ ಗಲಾಟೆ.

ಕಿರಣ್:
ಸಂಸ್ಕ್ರುತ, ಹಿಂದಿ ಎರಡೂ ಬೇಡ. ವಿಳಂಬಕ್ಕೆ ‘ತಡ’ ಇದೆ, ಯೋಜನೆಗೆ ‘ಹಮ್ಮುಗೆ’ ಇದೆ. ‘ತಡ ನೀಗಿಸುವ ಹಮ್ಮುಗೆ’ ಅನ್ನಿ. ಬಾಶೆ ನಮ್ಮದು, ಅರ್ತ ಯಾರಿಗಾದರೂ ಆಗುತ್ತದೆ.

ಗುರುರಾಜ:
ಆಗುವುದಿಲ್ಲ. ಮಹಾಪ್ರಾಣ ಕಳೆದುಕೊಂಡ ಭಾಷೆಯಲ್ಲಿ ಉತ್ತರ ಕೊಡಲು ನನಗೆ ಬಿಡುವಿಲ್ಲ.

ಅನ್ವರ್:
ಸುಮಾ ಅವರೇ, ಪದಕ್ಕಿಂತ ಮುಂಚೆ ನಿಮ್ಮ ವಾಕ್ಯದಲ್ಲೇ ಒಂದು ಅಪಾಯ ಇದೆ. “ಕಾಮಗಾರಿ ಮುಂದಕ್ಕೆ ಹೋಗಿದೆ” ಎಂದರೆ ಕೆಲಸ ಮುಂದುವರಿದಿದೆ ಎಂದೂ ಆಗುತ್ತದೆ. ಮುಂದಕ್ಕೆ ಹೋಗುವುದು ತಾರೀಖು, ಹಿಂದೆ ಬೀಳುವುದು ಕೆಲಸ. “ಮುಂದೂಡಲಾಗಿದೆ” ಕೂಡ ಬೇಡ, ಯಾರೋ ಕೂತು ತೀರ್ಮಾನಿಸಿದಂತೆ ಕೇಳುತ್ತದೆ.

‘ಎರಡು ವಾರ’ವೂ ಅಷ್ಟು ನಂಬಿಕಸ್ಥ ಮಾತಲ್ಲ. ನಮ್ಮಲ್ಲಿ ವಾರಕ್ಕೆ ‘ಎಂಟು ದಿನ’, ಎರಡು ವಾರಕ್ಕೆ ‘ಹದಿನೈದು ದಿನ’ ಅನ್ನುವ ರೂಢಿ. ಕಂಟ್ರಾಕ್ಟರ್ ಭಾನುವಾರ ಬಿಟ್ಟು ಎಣಿಸುತ್ತಾನೆ, ಹಣ ಕೊಡುವವರು ಸೇರಿಸಿ ಎಣಿಸುತ್ತಾರೆ. ಹಾಗಾಗಿ ಹಳೆ ತಾರೀಖು, ಹೊಸ ತಾರೀಖು ಎರಡನ್ನೂ ಬರೆಯಿರಿ. ಇನ್ನೊಂದು: ತಡವಾಗಿರುವುದು ಒಂದು ಹಂತವೋ, ಕಟ್ಟಡ ಒಪ್ಪಿಸುವ ದಿನವೋ? ಅದು ತಿಳಿಯದೆ ರಿಕವರಿಗೆ ಪದ ಹುಡುಕಿ ಫಲವಿಲ್ಲ. ಮೂಲದಲ್ಲಿ ಏನಿದೆ?

ಸುಮಾ:
ಚಾವಣಿಯ ಮೋಲ್ಡ್ ಅಕ್ಟೋಬರ್ 6ಕ್ಕೆ ಹಾಕಬೇಕಿತ್ತು, ಮಳೆಯಿಂದ 20ಕ್ಕೆ ಹಾಕಿದ್ದಾರೆ. ಒಪ್ಪಿಸಬೇಕಾದದ್ದು ಡಿಸೆಂಬರ್ 15. ಒಳ ಪ್ಲಾಸ್ಟರ್‌ಗೆ 10 ದಿನ, ಅದಾದ ಮೇಲೆ ಹೊರ ಪ್ಲಾಸ್ಟರ್‌ಗೆ 5 ದಿನ ಎಂದು ಮೊದಲಿತ್ತು. ಈಗ ಹೊರಗಿನದನ್ನು ಸೆಂಟ್ರಿಂಗ್ ಇರುವಾಗಲೇ ಮುಗಿಸುವುದು, ಒಳಗಿನದಕ್ಕೆ ಎರಡು ತಂಡ ಹಾಕಿ 6 ದಿನಕ್ಕೆ ಇಳಿಸುವುದು. ಎರಡನೇ ತಂಡಕ್ಕೆ ₹18,000 ಹೆಚ್ಚು ಬೇಕು.

ಅನ್ವರ್:
ಹಾಗಾದರೆ ಸುಮ್ಮನಿದ್ದರೆ ಡಿಸೆಂಬರ್ 29. ಹೊರಗಿನದರಿಂದ 5, ಒಳಗಿನದರಿಂದ 4, ಒಟ್ಟು 9 ದಿನ ಉಳಿಯಿತು. ಇನ್ನೂ 5 ದಿನದ ತಡ ಇದ್ದೇ ಇದೆ: ಡಿಸೆಂಬರ್ 20. ಇದೇ ನಿಮ್ಮ ಪದದ ಪ್ರಶ್ನೆಗೂ ಉತ್ತರ. ‘ನೀಗಿಸು’ ಅಂದರೆ ಪೂರ್ತಿ ಹೋಯಿತು ಎಂದಾಗುತ್ತದೆ. ‘ತಡ ತಗ್ಗಿಸುವ ಕ್ರಮ’ ಅನ್ನಿ. ಹದಿನಾಲ್ಕೂ ದಿನ ಸಿಗುವಂತಿದ್ದರೆ ‘ಸರಿದೂಗಿಸುವ’ ಅನ್ನಬಹುದಿತ್ತು.

ಶ್ರೀಧರ:
ಐದು ದಿನ ಯಾಕೆ ಬಿಡುವುದು? ಸೆಂಟ್ರಿಂಗ್ ಏಳು ದಿನಕ್ಕೆ ಬಿಚ್ಚಬಹುದು, ಕೋಡಿನಲ್ಲೇ ಇದೆ.

ಅನ್ವರ್:
ಅರ್ಧ ಇದೆ. ಐಎಸ್ 456ರಲ್ಲಿ ಆ 7 ದಿನ 4.5 ಮೀಟರ್‌ವರೆಗಿನ ಸ್ಲ್ಯಾಬ್‌ನ ಕೆಳಗಿನ ಆಸರೆ ಕಂಬಗಳಿಗೆ. 6 ಮೀಟರ್‌ವರೆಗಿನ ಬೀಮ್‌ಗೆ 14 ದಿನ, ಅದಕ್ಕೂ ಉದ್ದವಿದ್ದರೆ 21. ಕೊಠಡಿಯ ಅಗಲಕ್ಕೆ ಬೀಮ್ ಇದ್ದೇ ಇರುತ್ತದೆ. ಅದರ ಕೆಳಗಿನ ಕಂಬ ಬೇಗ ತೆಗೆದರೆ ನಡುವೆ ಜೋತು ಬೀಳುತ್ತದೆ, ಕೆಳಮೈಯಲ್ಲಿ ಸೀಳು ಕಾಣುತ್ತದೆ. ಈ ಲೆಕ್ಕವೂ ಸಾದಾ ಸಿಮೆಂಟಿಗೆ, 15 ಡಿಗ್ರಿಗಿಂತ ಚಳಿ ಇಳಿಯದಿದ್ದಾಗ. ಪಿಪಿಸಿ ಸಿಮೆಂಟ್ ಹಾಕಿದ್ದರೆ ಇಂಜಿನಿಯರನ್ನು ಕೇಳದೆ ಮುಟ್ಟಬೇಡಿ. ಹಸಿ ಪ್ಲಾಸ್ಟರ್ ಮೇಲೆ ಬಣ್ಣ ಬಳಿದು ದಿನ ಉಳಿಸುವ ಯೋಚನೆಯೂ ಬೇಡ, ಪದರು ಏಳುತ್ತದೆ.

ಸುಮಾ ಅವರೇ, ಯಾವುದನ್ನು ಅವಸರ ಮಾಡುವುದಿಲ್ಲ ಎಂಬ ಒಂದು ಸಾಲನ್ನೂ ಸೇರಿಸಿ. ಇಲ್ಲದಿದ್ದರೆ ಟ್ರಸ್ಟ್‌ನವರೂ ಇದೇ ಪ್ರಶ್ನೆ ಕೇಳುತ್ತಾರೆ. ನಾನಾಗಿದ್ದರೆ ಹೀಗೆ:

“ವಿಷಯ: ವಾರದ ವರದಿ – ಶಾಲಾ ಕೊಠಡಿ – 5 ದಿನ ತಡ, ನಿಮ್ಮ ಒಪ್ಪಿಗೆ ಬೇಕು

ಮಳೆಯಿಂದಾಗಿ ಮೋಲ್ಡ್ ಅಕ್ಟೋಬರ್ 6ರ ಬದಲು 20ರಂದು ಆಗಿದೆ (14 ದಿನ ತಡ).
ತಡ ತಗ್ಗಿಸುವ ಕ್ರಮ: ಹೊರ ಪ್ಲಾಸ್ಟರನ್ನು ಸೆಂಟ್ರಿಂಗ್ ಇರುವಾಗಲೇ ಮುಗಿಸುತ್ತೇವೆ (5 ದಿನ ಉಳಿತಾಯ). ಒಳ ಪ್ಲಾಸ್ಟರ್‌ಗೆ ಎರಡು ತಂಡ ಹಾಕುತ್ತೇವೆ (4 ದಿನ ಉಳಿತಾಯ).
ಬೀಮ್‌ನ ಸೆಂಟ್ರಿಂಗನ್ನು ನವೆಂಬರ್ 3ಕ್ಕಿಂತ ಮೊದಲು ಬಿಚ್ಚುವುದಿಲ್ಲ.
ಕೊಠಡಿ ಒಪ್ಪಿಸುವ ದಿನ: ಡಿಸೆಂಬರ್ 15ರ ಬದಲು 20.
ನಿಮ್ಮಿಂದ ಬೇಕಾದದ್ದು: ಎರಡನೇ ತಂಡಕ್ಕೆ ₹18,000. ಅಕ್ಟೋಬರ್ 31ರೊಳಗೆ ಒಪ್ಪಿಗೆ ಸಿಗದಿದ್ದರೆ ಆ 4 ದಿನ ಸಿಗುವುದಿಲ್ಲ. ಒಪ್ಪಿಸುವುದು ಡಿಸೆಂಬರ್ 24ಕ್ಕೆ.”

ಇಲ್ಲಿ ಸ್ಪಾನ್ಸರ್‌ಗೆ ಪದವೇ ಬೇಕಾಗಲಿಲ್ಲ, ‘ನಿಮ್ಮ’ ಸಾಕಾಯಿತು. ಎಸ್‌ಡಿಎಂಸಿಗೆ ಹೋಗುವ ಪ್ರತಿಯಲ್ಲಿ ‘ಟ್ರಸ್ಟ್‌ನವರು’ ಎಂದು ಬದಲಿಸಿ.

ಮಂಜುಳಾ:
ಚೆನ್ನಾಗಿದೆ. ‘ಕ್ರಮ’ ಮಾತ್ರ ಶಿಸ್ತುಕ್ರಮದ ನೆನಪು ತರುತ್ತದೆ. ‘ತಡ ತಗ್ಗಿಸಲು ಮಾಡುತ್ತಿರುವುದು’ ಎಂದರೆ ಹೇಗೆ?

ಕಿರಣ್:
‘ತಡ’ ಉಳಿಯಿತಲ್ಲ, ಅಶ್ಟು ಸಾಕು. ತಡ, ತಡೆ ಒಂದೇ ಬೇರಿನವು. ತಡೆ ಬಂದದ್ದಕ್ಕೆ ತಡವಾಯಿತು. ವಿಳಂಬಕ್ಕೆ ಆ ಅರ್ತ ಎಲ್ಲಿದೆ?

ಗುರುರಾಜ:
‘ಲಂಬ’ ಅಂದರೆ ಜೋತುಬೀಳುವುದು. ಕೆಲಸ ಜೋತುಬಿದ್ದಿದೆ ಎನ್ನಲು ‘ವಿಳಂಬ’ಕ್ಕಿಂತ ಒಳ್ಳೆಯ ಪದ ಬೇಕೆ? ಸಂವತ್ಸರಕ್ಕೇ ‘ವಿಳಂಬಿ’ ಎಂದು ಹೆಸರಿಟ್ಟ ನಾಡಿದು. 2018ರ ಯುಗಾದಿಗೆ ಅದೇ ಬಂದಿತ್ತು. ಮೋಲ್ಡ್, ಸೆಂಟ್ರಿಂಗ್, ಪ್ಲಾಸ್ಟರ್ ಮೂರನ್ನೂ ನುಂಗಿಕೊಂಡವರಿಗೆ ಒಂದು ಸಂಸ್ಕೃತ ಪದ ಗಂಟಲಿಗೆ ಸಿಗುತ್ತದೆಯೇ?

ಕಿರಣ್:
ಅವು ಕೆಲಸದವರ ಬಾಯಲ್ಲಿ ಇವೆ. ವಿಳಂಬ ಕಚೇರಿಯ ಕಡತದಲ್ಲಿದೆ.

ಸುಮಾ:
ಕಳಿಸಿದೆ. ‘ವಾರದ ವರದಿ’, ‘ತಡ’, ‘ತಡ ತಗ್ಗಿಸಲು ಮಾಡುತ್ತಿರುವುದು’. ಮೋಲ್ಡ್ ಎಂದಿದ್ದನ್ನು ಇಂಜಿನಿಯರ್ ‘ಸ್ಲ್ಯಾಬ್’ ಮಾಡಿಸಿದರು, ಅವರು ಹುಬ್ಬಳ್ಳಿಯವರು.

ಗುರುರಾಜ:
‘ಪ್ರಾಯೋಜಕ’ದ ದೀರ್ಘದ ಬಗ್ಗೆ ಇನ್ನೂ ಯಾರೂ ಉತ್ತರಿಸಿಲ್ಲ.